ಒಂದು ಬಿಲ್ಲಿಗೆ ಒಂದೇ ವೋಚರ್: ಮದುವೆಗೆ ಗಿಫ್ಟ್ ಕಾರ್ಡ್ ಕೊಡೋ ಮುಂಚೆ ಇದನ್ನ ಓದಿ

ಬೆಂಗಳೂರಿಂದ ಶಿರಸಿ, ಕುಮಟಾ, ಕಾರವಾರ ಕಡೆ ಮದುವೆಗೆ ಬರೋರು ಈಗೀಗ ಲಕೋಟೆಯಲ್ಲಿ ದುಡ್ಡಿನ ಬದಲು ಗಿಫ್ಟ್ ವೋಚರ್ ಇಟ್ಟು ಕೊಡುತ್ತಾರೆ. ನಮ್ಮ ತಂಗಿ ಮದುವೆಗೂ ಅದೇ ಬಂತು. ಅದರಲ್ಲಿ ನಾವು ಪಟ್ಟ ಪಾಡು ಬೇರೆಯವರಿಗೆ ಬೇಡ ಅಂತ ಬರೀತಾ ಇದ್ದೇನೆ. ಅಂಗಡಿ ಹೆಸರು ಹೇಳೋದಿಲ್ಲ. ಇಂಥ ನಿಯಮ ಒಂದೇ ಅಂಗಡಿಯಲ್ಲಿ ಇರೋದೂ ಅಲ್ಲ.

ಭಾವನ ಆಫೀಸಿನ ಗೆಳೆಯರು ಸೇರಿ 10,000 ರೂಪಾಯಿ ಹಾಕಿದ್ದರು. ಮನೆ ಸಾಮಾನು ಮಾರೋ ದೊಡ್ಡ ಅಂಗಡಿಯೊಂದರ ವೋಚರ್. 2,000ದ್ದು ಐದು. ಹೊಸ ಸಂಸಾರಕ್ಕೆ ಏನು ಬೇಕೋ ಅವರೇ ಆರಿಸಿಕೊಳ್ಳಲಿ ಅನ್ನೋ ಯೋಚನೆ. ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಅಂಗಡಿ ಶಿರಸಿಯಲ್ಲಿ ಇಲ್ಲ. ಹತ್ತಿರದ್ದು ಅಂದರೆ ಹುಬ್ಬಳ್ಳಿ, ಸುಮಾರು 100 ಕಿಲೋಮೀಟರ್. ಆನ್‌ಲೈನಲ್ಲಿ ತರಿಸೋಣ ಅಂದರೆ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಅಂಗಡಿಯಲ್ಲಿ ಮಾತ್ರ’ ಅಂತ ಬರೆದಿತ್ತು.

ಅವಧಿ ಆರು ತಿಂಗಳು. ಇಲ್ಲೇ ಒಂದು ಸೂಕ್ಷ್ಮ ಇದೆ. ಆ ಆರು ತಿಂಗಳು ಶುರುವಾಗೋದು ನಮ್ಮ ಕೈಗೆ ಬಂದ ದಿನದಿಂದ ಅಲ್ಲ, ಕೊಂಡ ದಿನದಿಂದ. ಗೆಳೆಯರು ಡಿಸೆಂಬರಿನಲ್ಲಿ ಯಾವುದೋ ಆಫರ್ ನೋಡಿ ಮೊದಲೇ ಕೊಂಡಿಟ್ಟಿದ್ದರು. ಮದುವೆ ಆಗಿದ್ದು ಮೇ ತಿಂಗಳಲ್ಲಿ. ಹಾಗಾಗಿ ತಂಗಿ ಲಕೋಟೆ ಬಿಚ್ಚೋ ಹೊತ್ತಿಗೆ ಐದು ತಿಂಗಳು ಕಳೆದೇ ಹೋಗಿತ್ತು. ಮದುವೆ ಆದ ಮೇಲೆ ನೆಂಟರ ಮನೆ ಓಡಾಟ, ಊಟ, ದೇವಸ್ಥಾನ ಅಂತ ಆ ಒಂದು ತಿಂಗಳು ಹೇಗೆ ಹೋಗುತ್ತೆ ಅಂತ ನಿಮಗೇ ಗೊತ್ತಲ್ಲ.

ಜೂನಿನಲ್ಲಿ, ಮಳೆ ಹಿಡಿದ ಮೇಲೆ, ತಂಗಿಯೂ ನಾನೂ ಮುಂಡಗೋಡ ಮೇಲೆ ಬಸ್ಸಲ್ಲಿ ಹುಬ್ಬಳ್ಳಿಗೆ ಹೋದೆವು. ಅವಳಿಗೆ ಬೇಕಾಗಿದ್ದು ಮುಖ್ಯವಾಗಿ ಮಿಕ್ಸರ್. 5,499 ರೂಪಾಯಿ. ಮೂರು ವೋಚರ್ ಕೊಟ್ಟರೆ ಆಯ್ತು ಅಂದುಕೊಂಡೆವು. ಕೌಂಟರಿನ ಹುಡುಗ ಮಿಕ್ಸರ್ ಸ್ಕ್ಯಾನ್ ಮಾಡಿ, ವೋಚರ್ ನೋಡಿ, “ಒಂದು ಬಿಲ್ಲಿಗೆ ಒಂದೇ ರೀ ಮೇಡಂ” ಅಂದ. ಮಿಕ್ಸರ್ ಒಂದೇ ವಸ್ತು, ಅದನ್ನ ಮೂರು ಬಿಲ್ ಮಾಡೋಕೆ ಆಗೋದಿಲ್ಲ. ಬೇಕಾದರೆ ಒಂದು ವೋಚರ್ ಕೊಟ್ಟು ಉಳಿದ 3,499 ಕೈಯಿಂದ ಹಾಕಬೇಕು. ಅಷ್ಟು ದುಡ್ಡು ಕೈಯಿಂದ ಹಾಕೋದಾದರೆ ಶಿರಸಿಯಲ್ಲೇ ತಗೋಬಹುದಿತ್ತು ಅಲ್ವಾ? ರಿಪೇರಿಗಾದರೂ ಪೇಟೆಯಲ್ಲೇ ಅಂಗಡಿ ಇರುತ್ತೆ.

ಬೇರೆ ದಾರಿ ಇಲ್ಲದೆ ಚಿಕ್ಕ ಸಾಮಾನು ಹುಡುಕೋಕೆ ಶುರು ಮಾಡಿದೆವು. 1,850ರ ಕುಕ್ಕರ್ ತಗೊಂಡರೆ ಉಳಿದ 150 ವಾಪಸ್ ಇಲ್ಲ, ಕಾರ್ಡಲ್ಲೂ ಉಳಿಯೋದಿಲ್ಲ. ಬಾಣಲೆ, ತವಾ ಸೆಟ್ಟಿಗೆ 2,340, ಅಂದರೆ 340 ನಮ್ಮದು. ತಟ್ಟೆ ಸೆಟ್ಟಿಗೆ 2,199, ಅಲ್ಲಿ ಮತ್ತೆ 199. ಬೆಡ್‌ಶೀಟ್ ಚೆನ್ನಾಗಿದ್ದವು. ಆದರೆ ಅವು ‘ಆಫರ್ ಐಟಂ’, ಅದಕ್ಕೆ ವೋಚರ್ ನಡೆಯೋದಿಲ್ಲ. ಆ ಹೊತ್ತಿಗೆ ವಾಪಸ್ ಬಸ್ಸಿನ ಹೊತ್ತೂ ಆಗಿತ್ತು. ಮೂರು ವೋಚರ್ ಖರ್ಚಾದವು. 150 ಹೋಯ್ತು, ಕೈಯಿಂದ 539 ಸೇರಿತು, ಬೇಕಾದ ಮಿಕ್ಸರ್ ಮಾತ್ರ ಬರಲಿಲ್ಲ. ಉಳಿದೆರಡು, ಅಂದರೆ 4,000 ರೂಪಾಯಿ, ಮುಂದಿನ ವಾರ ಅವಧಿ ಮುಗಿದು ಸುಮ್ನೆ ಕಾಗದ ಆದವು.

ಇದೇ 10,000ವನ್ನ ಒಂದೇ ಕಾರ್ಡಲ್ಲಿ ಕೊಟ್ಟಿದ್ದರೆ ಮಿಕ್ಸರ್, ಕುಕ್ಕರ್ ಎರಡೂ ಬಂದು 2,651 ರೂಪಾಯಿ ಉಳಿಯುತ್ತಿತ್ತು. ಅದಕ್ಕೇ ಕೊಳ್ಳುವಾಗ ‘ಒಂದು ಬಿಲ್ಲಿಗೆ ಎಷ್ಟು ವೋಚರ್’, ‘ಉಳಿದ ಹಣ ಕಾರ್ಡಲ್ಲೇ ಇರುತ್ತಾ’ ಅನ್ನೋ ಎರಡು ಪ್ರಶ್ನೆ ಕೇಳಲೇಬೇಕು. ಮೂರನೆಯದು ಫ್ರಾಂಚೈಸಿಗೆ ಸಂಬಂಧಪಟ್ಟದ್ದು. ಚಿಕ್ಕ ಪೇಟೆಗಳಲ್ಲಿ ದೊಡ್ಡ ಹೆಸರಿನ ಅಂಗಡಿಯನ್ನ ಎಷ್ಟೋ ಕಡೆ ಸ್ಥಳೀಯರೇ ಫ್ರಾಂಚೈಸಿ ತಗೊಂಡು ನಡೆಸುತ್ತಾರೆ. ಬೋರ್ಡ್ ಅದೇ ಇದ್ದರೂ ಕಂಪನಿ ವೋಚರ್ ಅಲ್ಲಿ ನಡೆಯದೇ ಇರಬಹುದು. ಕೊಡೋ ಮುಂಚೆ ಆ ಊರಿನ ಅಂಗಡಿಗೇ ಒಂದು ಫೋನ್ ಮಾಡಿ ಕೇಳಿ.

ಆಮೇಲೆ ತಿಳಿದುಕೊಂಡ ಇನ್ನೊಂದು ಸಂಗತಿ. ಗಿಫ್ಟ್ ಕಾರ್ಡಲ್ಲಿ ಎರಡು ಜಾತಿ. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕ್ ಅನುಮತಿ ಪಡೆದ ಸಂಸ್ಥೆ ಕೊಡೋ ಕಾರ್ಡು ಒಂದು. ಇದು ಬೇರೆ ಬೇರೆ ಅಂಗಡಿಗಳಲ್ಲಿ ನಡೆಯುತ್ತೆ. ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನದ ಪ್ರಕಾರ ಇದರ ಮಿತಿ 10,000 ರೂಪಾಯಿ, ಅವಧಿ ಕನಿಷ್ಠ 1 ವರ್ಷ ಇರಬೇಕು, ಮುಗಿಯೋ ಮುಂಚಿನ 45 ದಿನಗಳಲ್ಲಿ ಎಚ್ಚರಿಕೆ ಸಂದೇಶ ಕಳಿಸಬೇಕು. ಎರಡನೆಯದು ಅಂಗಡಿಯೇ ತನ್ನ ಸಾಮಾನಿಗೆ ಮಾತ್ರ ಕೊಡೋದು. ಅದಕ್ಕೆ ಈ ನಿಯಮ ಅನ್ವಯ ಆಗೋದಿಲ್ಲ. ನಮಗೆ ಬಂದಿದ್ದು ಇದೇ. ಕಾರ್ಡಿನ ಹಿಂದೆ ಅದನ್ನ ಯಾರು ಕೊಟ್ಟಿದ್ದು ಅಂತ ಬರೆದಿರುತ್ತೆ, ಮೊದಲು ಅದನ್ನ ನೋಡಿ.

ಹಾಗಂತ ಬ್ಯಾಂಕ್ ಕಾರ್ಡ್ ಕೊಟ್ಟರೆ ನಿಶ್ಚಿಂತೆ ಅಂತಲೂ ಇಲ್ಲ. ನಮ್ಮ ಕಡೆ ಕಿರಾಣಿ, ಮೀನು, ತರಕಾರಿ ಎಲ್ಲ ಕಡೆ ಕ್ಯೂಆರ್ ಅಂಟಿಸಿರುತ್ತಾರೆ, ಕಾರ್ಡ್ ಉಜ್ಜೋ ಮಷಿನ್ ಕಡಿಮೆ. ಸಾಮಾನ್ಯವಾಗಿ ಗಿಫ್ಟ್ ಕಾರ್ಡಿನಿಂದ ಕ್ಯೂಆರ್‌ಗೆ ಹಣ ಹೋಗೋದಿಲ್ಲ. ಮಷಿನ್ ಇದ್ದರೂ 2,000ದ ಕಾರ್ಡಲ್ಲಿ 2,150ರ ಬಿಲ್ ಉಜ್ಜಿದರೆ ತಿರಸ್ಕಾರ ಆಗುತ್ತೆ. 2,000 ಮಾತ್ರ ಉಜ್ಜಿ, 150 ಬೇರೆ ಕೊಡುತ್ತೇನೆ ಅಂತ ಮೊದಲೇ ಹೇಳಬೇಕು.

ವೋಚರ್ ಅಂದರೆ ಸೋಮಾರಿ ಉಡುಗೊರೆ ಅನ್ನೋರ ಮಾತನ್ನ ನಾನು ಪೂರ್ತಿ ಒಪ್ಪೋದಿಲ್ಲ. ನಮ್ಮ ಅತ್ತೆಯೊಬ್ಬರು ಮೊಮ್ಮಗಳ ಹುಟ್ಟುಹಬ್ಬಕ್ಕೆ ಪೇಟೆಯ ಪುಸ್ತಕದ ಅಂಗಡಿಯಲ್ಲಿ 1,000 ರೂಪಾಯಿ ಕಟ್ಟಿ, ಒಂದು ಚೀಟಿ ಬರೆಸಿಕೊಂಡು ಬಂದಿದ್ದರು. ಆ ಹುಡುಗಿ ಶಾಲೆ ಬಿಟ್ಟ ಮೇಲೆ ದಿನಾ ಆ ಅಂಗಡಿ ಮುಂದೆಯೇ ಬಸ್ಸಿಗೆ ಕಾಯುತ್ತಾಳೆ. ಮೂರು ಸಲ ಹೋಗಿ, ಮೂರು ಪುಸ್ತಕ ಆರಿಸಿ ಖರ್ಚು ಮಾಡಿದಳು. ಪಡೆಯೋರು ಎಲ್ಲಿ ಓಡಾಡುತ್ತಾರೆ ಅಂತ ನೋಡಿ ಕೊಟ್ಟಿದ್ದಕ್ಕೆ ಅದು ಉಪಯೋಗಕ್ಕೆ ಬಂತು. ಅಷ್ಟು ವಿಚಾರಿಸೋಕೆ ಪುರುಸೊತ್ತಿಲ್ಲ ಅಂದರೆ ಲಕೋಟೆಯಲ್ಲಿ ಮುಯ್ಯಿ ಇಡಿ. ಅದಕ್ಕೆ ಅವಧಿಯೂ ಇಲ್ಲ, ಫ್ರಾಂಚೈಸಿ ತಕರಾರೂ ಇಲ್ಲ.

ಆ ಎರಡು ವೋಚರ್ ಕಥೆ ಏನಾಯ್ತು ಅಂದರೆ, ತಂಗಿ ಬರೆದ ಇಮೇಲಿಗೆ ಅಂಗಡಿಯವರು ‘ಕೊಂಡವರೇ ದೂರು ಕೊಡಬೇಕು’ ಅಂದರು. ಬಿಲ್ ಇದ್ದಿದ್ದು ಭಾವನ ಗೆಳೆಯನ ಹೆಸರಲ್ಲಿ. ಅವನು ಬಿಲ್ ಫೋಟೋ, ವೋಚರ್ ನಂಬರ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ. ಕೆಲವು ವಾರ ಆದ ಮೇಲೆ ಅಂಗಡಿಯವರು ಒಂದು ತಿಂಗಳ ಅವಧಿಗೆ ಹೊಸ ಕೋಡ್ ಕಳಿಸಿದರು. ಅದೂ ನಿಯಮದಂತೆ ಅಲ್ಲ, ‘ಈ ಸಲಕ್ಕೆ ಮಾತ್ರ’ ಅಂತ. ಮತ್ತೆ ಹುಬ್ಬಳ್ಳಿಗೆ ಯಾರು ಹೋಗ್ತಾರೆ? ಆ ಗೆಳೆಯನೇ ಬೆಂಗಳೂರಿನ ಅಂಗಡಿಯಲ್ಲಿ ತನ್ನ ಮನೆಗೆ ಸಾಮಾನು ತಗೊಂಡು, 4,000 ರೂಪಾಯಿಯನ್ನ ತಂಗಿಗೆ ಕಳಿಸಿದ.

ನಿಮ್ಮ ಕಪಾಟಿನಲ್ಲೂ ಇಂಥ ಕಾರ್ಡ್ ಇದ್ದರೆ ಇವತ್ತೇ ತೆಗೆದು ದಿನಾಂಕ ನೋಡಿ. ಅವಧಿ ಇದ್ದರೆ, ಅಂಗಡಿ ಹತ್ತಿರ ಇರೋ ನೆಂಟರ ಕೈಲಿ ಹೀಗೇ ಬದಲಾಯಿಸಿಕೊಳ್ಳಿ. ಆದರೆ ಕೋಡನ್ನೂ ಪಿನ್ನನ್ನೂ ಚೆನ್ನಾಗಿ ಗೊತ್ತಿರೋರಿಗೆ ಮಾತ್ರ ಕೊಡಿ. ಅದು ಗೊತ್ತಿದ್ದವರು ಯಾರು ಬೇಕಾದರೂ ಖರ್ಚು ಮಾಡಬಹುದು. ಬ್ಯಾಲೆನ್ಸ್ ನೋಡೋಕೂ ಗೂಗಲಲ್ಲಿ ಸಿಕ್ಕ ಯಾವುದೋ ಲಿಂಕಿಗೆ ನಂಬರ್ ಹಾಕಬೇಡಿ, ಕಾರ್ಡಿನ ಮೇಲೇ ಅಚ್ಚಾದ ವಿಳಾಸಕ್ಕೆ ಹೋಗಿ.