ಒಂದು ಸಲ ಹಾಕಿ ಬೈದಿದ್ದೆ: ಬಿಟಿಐ ಪುಡಿಯೊಂದಿಗೆ ಎರಡು ಮಳೆಗಾಲ

ಉಡುಪಿಯ ನಮ್ಮ ಮನೆಯ ಸಿಟೌಟಿನಲ್ಲಿ 11 ಕುಂಡಗಳಿವೆ. ಕಳೆದ ವರ್ಷ ಆಟಿಯ ಮಳೆಗೆ ಅವುಗಳ ಕೋಕೋಪೀಟ್ ಒಣಗಲೇ ಇಲ್ಲ. ಮಣ್ಣಿನ ಮೇಲೆ ಸಣ್ಣ ಕರಿನೊಣಗಳು ಸುಳಿಯತೊಡಗಿ, ಸಂಜೆಯ ಚಹಾದ ಲೋಟಕ್ಕೂ ಬೀಳುತ್ತಿದ್ದವು. ಮೊದಲು ಹಳದಿ ಅಂಟುಕಾರ್ಡುಗಳನ್ನು ತಂದೆ. ಕಾರ್ಡುಗಳು ತುಂಬಿದವು, ನೊಣಗಳು ಕಡಿಮೆಯಾಗಲಿಲ್ಲ, ಏಕೆಂದರೆ ಹೆಣ್ಣು ನೊಣ ಅಂಟಿಗೆ ಸಿಕ್ಕಿಬೀಳುವ ಮೊದಲೇ ಒದ್ದೆ ಮಣ್ಣಿನಲ್ಲಿ ನೂರರಷ್ಟು ಮೊಟ್ಟೆಗಳನ್ನು ಇಟ್ಟಿರಬಹುದು.

ಆಮೇಲೆ ಕೊಂಡದ್ದು ಬಿಟಿಐ, ಅಂದರೆ ಸೊಳ್ಳೆಮರಿಗಳನ್ನು ಕೊಲ್ಲಲು ನೀರಿಗೆ ಹಾಕುವ ಬ್ಯಾಕ್ಟೀರಿಯಾದ ಪುಡಿ. ಪೊಟ್ಟಣದ ಮೇಲಿನ ಅಳತೆಯಂತೆ ನೀರಿನಲ್ಲಿ ಕಲಸಿ ಎಲ್ಲ ಕುಂಡಗಳಿಗೂ ಒಮ್ಮೆ ಹೊಯ್ದೆ. ಹತ್ತು ದಿನ ಕಳೆದರೂ ನೊಣಗಳು ಅಷ್ಟೇ ಇದ್ದುದರಿಂದ, ದುಡ್ಡು ದಂಡವಾಯಿತೆಂದು ಮನೆಯವರೆದುರು ಬೈದೂ ಆಯಿತು.

ತಪ್ಪು ಪುಡಿಯದ್ದಲ್ಲ, ಅದನ್ನು ಎಷ್ಟು ಸಲ ಹಾಕಬೇಕೆಂದು ಹೇಳದ ಪೊಟ್ಟಣದ್ದು. ಬಿಟಿಐ ಹೊಟ್ಟೆಗೆ ಹೋದರೆ ಮಾತ್ರ ಕೊಲ್ಲುತ್ತದೆ. ಮಣ್ಣಿನಲ್ಲಿ ತಿನ್ನುತ್ತಿರುವುದು ಮರಿಹುಳು ಮಾತ್ರ. ಮೊಟ್ಟೆಗೂ ಕೋಶಕ್ಕೂ ಹಾರುವ ನೊಣಕ್ಕೂ ಅದರಿಂದ ಏನೂ ಆಗುವುದಿಲ್ಲ. ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ ಬೇಕಾಗುವುದರಿಂದ, ಇಂದು ಮೊಟ್ಟೆಯಾಗಿ ಉಳಿದುಕೊಂಡದ್ದು ಮುಂದಿನ ವಾರ ಮರಿಯಾದಾಗ ಅದಕ್ಕೂ ಹೊಸ ಪುಡಿ ಸಿಗಬೇಕು. ಹಾಗಾಗಿ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಹಾಕಿದೆ.

ಇದರ ನಡುವೆ ನನಗೆ ಹಿಡಿಸಿದ್ದು ಬಟಾಟೆಯ ಪರೀಕ್ಷೆ. ಶನಿವಾರ ರಾತ್ರಿ ಹಸಿ ಬಟಾಟೆಯ ಒಂದು ಬಿಲ್ಲೆಯನ್ನು ಮಣ್ಣಿಗೆ ಒತ್ತಿಟ್ಟು, ಸೋಮವಾರ ಬೆಳಿಗ್ಗೆ ಕಾಫಿಗೂ ಮೊದಲು ಕನ್ನಡಕ ಹಾಕಿಕೊಂಡು ಅದನ್ನು ತಿರುವಿ ನೋಡುತ್ತಿದ್ದೆ. ಗಾಜಿನಂಥ ಮೈ, ಹೊಳೆಯುವ ಕಪ್ಪು ತಲೆ ಇದ್ದರೆ ಅದೇ ಹುಳು. ಪುದಿನದ ಕುಂಡದಲ್ಲಿ ಮೊದಲ ವಾರ 14, ಎರಡನೆಯ ವಾರ 9 ಸಿಕ್ಕಿದವು. ಆಗಲೂ ನೊಣಗಳು ಹಾರುತ್ತಲೇ ಇದ್ದವು, ಆದರೆ ಬಿಲ್ಲೆಯ ಲೆಕ್ಕ ಇಳಿಯುತ್ತಿದ್ದುದರಿಂದ ಈ ಬಾರಿ ನಾನು ಕೈಬಿಡಲಿಲ್ಲ.

ಮೂರನೆಯ ವಾರ ಉಳಿದ ಕುಂಡಗಳು ಸೊನ್ನೆಗೆ ಬಂದರೂ ಪುದಿನದಲ್ಲಿ ಇನ್ನೂ 8 ಹುಳುಗಳಿದ್ದವು. ಎತ್ತಿ ನೋಡಿದರೆ ಅಡಿಯ ತಟ್ಟೆಯಲ್ಲಿ ನೀರು ನಿಂತಿತ್ತು. ತಟ್ಟೆ ತೆಗೆದು, ಕುಂಡವನ್ನು ಇರಚಲು ಬೀಳದ ಗೋಡೆಯ ಬದಿಗೆ ಸರಿಸಿ, ಬೆರಳಿನ ಒಂದು ಗೆಣ್ಣಿನಷ್ಟು ಆಳ ಒಣಗಿದ ಮೇಲೆಯೇ ನೀರು ಹಾಕತೊಡಗಿದ ನಂತರ ಐದನೆಯ ವಾರದ ಬಿಲ್ಲೆ ಖಾಲಿಯಾಗಿ ಬಂತು.

ಒಂದೆರಡು ಕುಂಡ ಇರುವವರು ಮೇಲ್ಮಣ್ಣು ಒಣಗಿಸಿ ನೋಡಿದರೆ ಸಾಕು, ಪುಡಿಗೆ ಖರ್ಚು ಬೇಡ. ನನ್ನಷ್ಟು ಕುಂಡಗಳಿದ್ದರೆ, ಮಳೆಗಾಲದಲ್ಲಿ ಮಣ್ಣು ಒಣಗುವುದು ನಮ್ಮ ಕೈಯಲ್ಲಿಲ್ಲದ ಈ ಊರಿನಲ್ಲಿ, ಪುಡಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಈ ವರ್ಷ ನೊಣ ಕಾಣುವವರೆಗೆ ಕಾಯದೆ, ಜೂನ್‌ನಲ್ಲಿ ಬಿಲ್ಲೆಗೆ ಮೊದಲ ಹುಳು ಅಂಟಿದ ದಿನವೇ ಶುರು ಮಾಡಿದೆ. ಅಂಟುಕಾರ್ಡು ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಲೆಕ್ಕಕ್ಕೆ.