ಮಗುವಿನ ಓದಿಗೆ ಹಣ: ಆವರ್ತ ಠೇವಣಿಯೋ, ಈಕ್ವಿಟಿ ಫಂಡೋ?

ಇಂದು 10 ಲಕ್ಷ ತಗಲುವ ಪದವಿ ವ್ಯಾಸಂಗದ ವೆಚ್ಚ ವರ್ಷಕ್ಕೆ ಶೇ. 8ರಂತೆ ಏರಿದರೆ 15 ವರ್ಷಗಳ ನಂತರ ಸುಮಾರು 31.7 ಲಕ್ಷವಾಗುತ್ತದೆ, ಶೇ. 6 ಎಂದು ಹಿಡಿದರೆ 24 ಲಕ್ಷ ಮಾತ್ರ. ಆದ್ದರಿಂದ ಸಾಮಾನ್ಯ ಹಣದುಬ್ಬರದ ದರವನ್ನಲ್ಲ, ಶುಲ್ಕವೇ ಏರುತ್ತಿರುವ ವೇಗವನ್ನು ಲೆಕ್ಕಕ್ಕೆ ಬಳಸಬೇಕು.

ಆ 31.7 ಲಕ್ಷವನ್ನು ಮುಟ್ಟಲು ಶೇ. 6ರ ಆವರ್ತ ಠೇವಣಿಗೆ ತಿಂಗಳಿಗೆ ಸುಮಾರು 10,900 ಕಟ್ಟಬೇಕು. ಈಕ್ವಿಟಿ ಫಂಡ್ ಸರಾಸರಿ ಶೇ. 11 ಗಳಿಸಿದರೆ 7,000 ಸಾಕು. ಠೇವಣಿಯ ಬಡ್ಡಿ ನಿಶ್ಚಿತವಾದರೂ ಶುಲ್ಕದ ಏರಿಕೆಗಿಂತ ಹಿಂದೆ ಬೀಳುತ್ತದೆ. ಫಂಡಿನ ಗಳಿಕೆಗೆ ಖಾತರಿಯಿಲ್ಲ, ಮಗು ಕಾಲೇಜು ಸೇರುವ ವರ್ಷವೇ ಮಾರುಕಟ್ಟೆ ಕುಸಿದರೆ ಚೇತರಿಕೆಗೆ ಕಾಯಲು ಸಮಯವೂ ಇರುವುದಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಅವಧಿಯಿದ್ದರೆ ನಾನು ಫಂಡನ್ನೇ ಆರಿಸಿ, ಕೊನೆಯ ಮೂರು ವರ್ಷಗಳಲ್ಲಿ ಹಣವನ್ನು ಹಂತಹಂತವಾಗಿ ಠೇವಣಿಗೆ ವರ್ಗಾಯಿಸುತ್ತೇನೆ. ಐದು ವರ್ಷಕ್ಕಿಂತ ಕಡಿಮೆಯಿದ್ದರೆ ಠೇವಣಿಯೇ ಸರಿ.