ಲೀಡ್ಸ್ ಚಳಿಯಲ್ಲಿ ದೋಸೆ ಹಿಟ್ಟು: ಹೀಟರ್, ಓವನ್, ಬಿಸಿನೀರಿನ ಚೀಲ

"ಹಿಟ್ಟು ಉಬ್ಬಿತಾ?"

ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಹೋದ ಮೊದಲ ತಿಂಗಳು, ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದದ್ದು ಇದನ್ನೇ. ಕ್ಲಾಸಿನ ಸುದ್ದಿ ಆಮೇಲೆ. ಈಗ ನಮ್ಮ ಓಣಿಯ ಇಬ್ಬರು ಹುಡುಗರು ಅದೇ ಕಡೆ ಹೊರಟಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳ್ತೀನಿ.

ಹಿಟ್ಟು ಚೆನ್ನಾಗಿ ಹುಳಿಯಲು 28–30 ಡಿಗ್ರಿ ಬಿಸಿ ಬೇಕು. ಅಕ್ಟೋಬರಿನಲ್ಲಿ ನನ್ನ ರೂಮು 17–18 ಡಿಗ್ರಿ ಇತ್ತು. ಹಿಟ್ಟು ಬೆಚ್ಚಗಿಡಲು ಮೂರು ದಾರಿ ನೋಡಿದೆ. ಅಳತೆ ಮೂರು ಸಲವೂ ಒಂದೇ: 2 ಲೋಟ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಹಿಡಿ ಮಂಡಕ್ಕಿ, ಅರ್ಧ ಚಮಚ ಮೆಂತ್ಯ.

ಮೊದಲು ಪಾತ್ರೆಯನ್ನು ಗೋಡೆಯ ಹೀಟರ್ ಪಕ್ಕ ಇಟ್ಟೆ. ಹಾಸ್ಟೆಲ್ ಹೀಟರ್ ಟೈಮರ್ ಮೇಲೆ ನಡೆಯುತ್ತಿತ್ತು, ರಾತ್ರಿ ತಾನಾಗಿ ಆರಿತು. ಬೆಳಿಗ್ಗೆ ಹೀಟರ್ ಕಡೆಯ ಅಂಚಿನಲ್ಲಿ ನಾಲ್ಕು ಗುಳ್ಳೆ, ಉಳಿದದ್ದು ಹಾಕಿದ ಹಾಗೇ. ಇದನ್ನು ಮಾತ್ರ ಮಾಡಬೇಡಿ.

ಓವನ್ ಎಷ್ಟೋ ವಾಸಿ. ಓವನ್ ಹಚ್ಚಬಾರದು, ಒಳಗಿನ ದೀಪ ಮಾತ್ರ ಹಾಕಬೇಕು. ಅಷ್ಟು ಬಿಸಿಗೇ 12 ಗಂಟೆಯಲ್ಲಿ ಹಿಟ್ಟು ಉಬ್ಬಿತು. ಆದರೆ ಅಡುಗೆಮನೆ ಐದು ಜನರದ್ದು. ಒಬ್ಬ ಪಿಜ್ಜಾಗೆಂದು 200 ಡಿಗ್ರಿಗೆ ತಿರುಗಿಸಲು ಬಂದ, ನಾನು ಅಲ್ಲೇ ಇದ್ದೆ, ಬಚಾವ್! ಅಂದಿನಿಂದ ಬಾಗಿಲಿಗೆ ಚೀಟಿ ಅಂಟಿಸಿದೆ: "Food inside, please don't switch on."

ಕೊನೆಗೆ ನನಗೆ ಒಗ್ಗಿದ್ದು ಬಿಸಿನೀರಿನ ಚೀಲ. ಸೂಪರ್ ಮಾರ್ಕೆಟ್ಟಿನಲ್ಲಿ ತಣ್ಣನೆ ಸಾಮಾನು ಒಯ್ಯಲು ಬೆಳ್ಳಿ ಬಣ್ಣದ ಒಳಪದರದ ಬ್ಯಾಗ್ ಸಿಗುತ್ತೆ. ತಣ್ಣಗಿದ್ದದ್ದನ್ನು ತಣ್ಣಗಿಡುವ ಬ್ಯಾಗು ಬೆಚ್ಚಗಿದ್ದದ್ದನ್ನೂ ಬೆಚ್ಚಗಿಡುತ್ತೆ ಅಲ್ವಾ? ಅದರೊಳಗೆ ಹಿಟ್ಟಿನ ಪಾತ್ರೆ, ಪಕ್ಕದಲ್ಲಿ ಟವೆಲ್ ಸುತ್ತಿದ ರಬ್ಬರ್ ಚೀಲ. ಟವೆಲ್ ಮರೀಬೇಡಿ. ಬಿಸಿ ನೇರ ತಾಗಿದರೆ ಆ ಕಡೆಯ ಹಿಟ್ಟು ಬೇಯುತ್ತೆ. ರಾತ್ರಿ 9ಕ್ಕೆ ಇಟ್ಟೆ, ಬೆಳಿಗ್ಗೆ 6ಕ್ಕೆ ನೀರು ಬದಲಿಸಿದೆ, 11ಕ್ಕೆ ತಯಾರು. ಓವನ್‌ಗಿಂತ ಎರಡು ಗಂಟೆ ಜಾಸ್ತಿ, ಆದರೆ ನನ್ನ ರೂಮಿನಲ್ಲೇ ಇರುತ್ತೆ, ಯಾರ ಕೈಗೂ ಸಿಗಲ್ಲ. ಪಾತ್ರೆ ಅರ್ಧ ಮಾತ್ರ ತುಂಬಿಸಿ, ಇಲ್ಲದಿದ್ದರೆ ಉಬ್ಬಿ ಬ್ಯಾಗೆಲ್ಲ ಹಿಟ್ಟು.

ಹಿಟ್ಟಿನ ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡಿ. ತೇಲಿದರೆ ಹದ ಬಂದಿದೆ. ಮೇಲೆ ಗುಲಾಬಿ ಬಣ್ಣ ಕಂಡರೆ ಪೂರ್ತಿ ಚೆಲ್ಲಿ.

ಊರಿನ ಮಿಕ್ಸಿ ಅಲ್ಲಿ ನಡೆಯುತ್ತೆ, ಕರೆಂಟು 230 ವೋಲ್ಟೇ. ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು. ಬೆಣ್ಣೆ ಊರಿನಿಂದ ಒಯ್ಯುವಂತಿಲ್ಲ, ಭಾರತದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡಲ್ಲ. ಅಲ್ಲೇ ಉಪ್ಪಿಲ್ಲದ್ದು ಕೊಳ್ಳಿ. ಕಾದ ಕಾವಲಿಗೆ ಬೆಣ್ಣೆ ಬಿದ್ದರೆ ಹೊಗೆ, ಹೊಗೆಗೆ ಅಲಾರಂ. ನನ್ನ ಮೊದಲ ಬೆಣ್ಣೆ ದೋಸೆಗೆ ಇಡೀ ಕಟ್ಟಡ ಕೆಳಗಿಳಿದು ನಿಂತಿತ್ತು. ಫೋನಿನಲ್ಲಿ ಕೇಳಿದ ಅಮ್ಮ ಅಂದದ್ದು ಇಷ್ಟು: "ಬೆಣ್ಣೆ ಕಾವಲಿಗಲ್ಲಪ್ಪಾ, ಹುಯ್ದ ದೋಸೆ ಮೇಲೆ ಹಾಕು."